ಸರ್ಟಿಫಿಕೇಟ್ ಇಲ್ಲದ ಕೆಂಪು

(ಮಾರ್ಚ್ 2024. ಪೀಣ್ಯದ ಒಂದು ಮನೆ. ಲೇತ್ ಕೆಲಸದ ಮಾವ ಸೆಕೆಂಡ್ ಶಿಫ್ಟ್ ಮುಗಿಸಿ ಬಂದಿದ್ದಾರೆ. ಬಿ.ಎಸ್ಸಿ. ಓದುವ ಸಹನಾ ಇನ್ನೂ ಎದ್ದಿದ್ದಾಳೆ.)

ಮಾವ: ಪೇಪರ್ ನೋಡಿದ್ಯೇನೇ? ಗೋಬಿ ಮಂಚೂರಿ ತಿಂದ್ರೆ ಕ್ಯಾನ್ಸರ್ ಅಂತೆ. ಹತ್ತು ವರ್ಷದಿಂದ ಶಿಫ್ಟ್ ಬಿಟ್ಟು ಬರ್ತಾ ಅದನ್ನೇ ತಿಂತಿದ್ದೀನಲ್ಲೇ!

ಸಹನಾ: ನೋಡ್ದೆ ಮಾವ. ಆರೋಗ್ಯ ಸಚಿವ ದಿನೇಶ್ ಗುಂಡೂರಾವ್ 11ನೇ ತಾರೀಕು ಹೇಳಿದ್ದನ್ನೂ ಓದ್ದೆ. 171 ಗೋಬಿ ಮಾದರಿ ಪರೀಕ್ಷಿಸಿದ್ರಲ್ಲಿ 107 ಅಸುರಕ್ಷಿತ, ಕಾರಣ ಕೃತಕ ಬಣ್ಣ. ಅವರು ಪರೀಕ್ಷಿಸಿದ್ದು ಗೋಬಿಯನ್ನ, ತಿಂದವರನ್ನಲ್ಲ.

ಮಾವ: ಹಾಗಾದ್ರೆ ಕ್ಯಾನ್ಸರ್ ಎಲ್ಲಿಂದ ಬಂತು?

ಸಹನಾ: ರೋಡಮೈನ್-ಬಿ ಅನ್ನೋ ಬಣ್ಣದ ಹೆಸರಿಂದ. ಬಟ್ಟೆಗೆ ಹಾಕೋ ಬಣ್ಣ ಅದು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಮಂಡಳಿ 1987ರಲ್ಲಿ ಅದನ್ನ ಮೂರನೇ ಗುಂಪಿಗೆ ಹಾಕಿದೆ. ಮನುಷ್ಯರಲ್ಲಿ ಕ್ಯಾನ್ಸರ್ ತರುತ್ತೋ ಇಲ್ವೋ ಹೇಳಕ್ಕಾಗಲ್ಲ ಅಂತ ಅದರರ್ಥ. ಇಲಿಗಳ ಚರ್ಮದಡಿ ಆ ಬಣ್ಣವನ್ನ ಮತ್ತೆ ಮತ್ತೆ ಸೂಜಿಯಲ್ಲಿ ಚುಚ್ಚಿದಾಗ ಗೆಡ್ಡೆ ಬಂದಿತ್ತು. ತಿನ್ನಿಸಿ ನೋಡಿದ ಪ್ರಯೋಗಗಳಿಂದ ತೀರ್ಮಾನಕ್ಕೆ ಬರೋ ಹಾಗಿರಲಿಲ್ಲ. ನೀವು ಗೋಬಿ ಚುಚ್ಚಿಸ್ಕೊಳ್ತೀರಾ?

ಮಾವ: (ನಗುತ್ತಾ) ಬಚಾವಾದೆ. ನಾಳೆ ಎರಡು ಪ್ಲೇಟ್ ತರ್ತೀನಿ.

ಸಹನಾ: ಬೇಡಿ. ಹೇಳಕ್ಕಾಗಲ್ಲ ಅಂದ್ರೆ ಏನೂ ಆಗಲ್ಲ ಅಂತಲ್ಲ.

ಮಾವ: ಹೇಳಕ್ಕೇ ಆಗದಿದ್ರೆ ಸರ್ಕಾರ ಯಾವ ಆಧಾರದ ಮೇಲೆ ಆ ಬಣ್ಣ ನಿಷೇಧಿಸ್ತು? ಗಾಡಿಯವನ ಹೊಟ್ಟೆಪಾಡಲ್ವಾ?

ಸಹನಾ: ನಿಮ್ಮಲ್ಲಿ ಟೆಸ್ಟ್ ಸರ್ಟಿಫಿಕೇಟ್ ಇಲ್ಲದ ಸ್ಟೀಲ್ ರಾಡ್ ಬಂದ್ರೆ?

ಮಾವ: ವಾಪಸ್ ಕಳಿಸ್ತೀವಿ.

ಸಹನಾ: ‘ಇದು ಮುರಿಯುತ್ತೆ ಅಂತ ಮೊದಲು ಸಾಬೀತು ಮಾಡಿ’ ಅಂತ ಸಪ್ಲೈಯರ್ ಜಗಳ ಆಡಿದ್ರೆ?

ಮಾವ: ಮುರಿಯಲ್ಲ ಅಂತ ತೋರಿಸೋದು ಅವನ ಕೆಲಸ, ನಂದಲ್ಲ.

ಸಹನಾ: ಕಾನೂನೂ ಅದನ್ನೇ ಹೇಳೋದು. ಆಹಾರಕ್ಕೆ ಒಪ್ಪಿದ ಬಣ್ಣಗಳ ಪಟ್ಟಿ ಇದೆ, ರೋಡಮೈನ್-ಬಿ ಅದರಲ್ಲಿಲ್ಲ. ನಿಷೇಧಕ್ಕೆ ಅಷ್ಟು ಸಾಕು. ‘ತಿಂದ್ರೆ ಕ್ಯಾನ್ಸರ್’ ಅಂತ ಬರೆಯೋಕೆ ಸಾಲದು. ಹೆಡ್‌ಲೈನ್ ಬರೆದವರು ಎರಡನ್ನೂ ಒಂದೇ ಬಾಣಲೆಗೆ ಹಾಕಿ ಕರಿದ್ರು.

ಮಾವ: ಆದ್ರೂ 171ಕ್ಕೆ 107! ನೂರಕ್ಕೆ ಅರವತ್ತು ದಾಟ್ತಲ್ಲ.

ಸಹನಾ: ಮಾದರಿ ಆರಿಸಿದ್ದು ಹೇಗೆ ಅನ್ನೋದರ ಮೇಲಿದೆ ಅದು. ಅನುಮಾನ ಬಂದ ಪೀಸನ್ನೇ ಎತ್ತಿ ಅಳೆದ್ರೆ ನಿಮ್ಮಲ್ಲಿ ರಿಜೆಕ್ಷನ್ ಎಷ್ಟಾಗುತ್ತೆ?

ಮಾವ: ಜಾಸ್ತಿನೇ ಆಗುತ್ತೆ. (ಸ್ವಲ್ಪ ಹೊತ್ತು ಸುಮ್ಮನಿದ್ದು) ನಾನು ತಿಂದ ಹತ್ತು ವರ್ಷದ್ದು ಏನೇ ಲೆಕ್ಕ?

ಸಹನಾ: ಯಾವ ಬಣ್ಣ, ದಿನಕ್ಕೆ ಎಷ್ಟು ಹೊಟ್ಟೆಗೆ ಹೋಯ್ತು ಅಂತ ತಿಳಿದಿದ್ರೆ ಲೆಕ್ಕ ಶುರು ಮಾಡಬಹುದಿತ್ತು ಮಾವ. ಅದನ್ನ ಯಾರೂ ಅಳೆದಿಟ್ಟಿಲ್ಲ.

ಮಾವ: ನಾಳೆ ಗಾಡಿಯವನಿಗೆ ಬಣ್ಣ ಹಾಕ್ದೆ ಕೊಡು ಅಂತೀನಿ. ಪೇಲವವಾಗಿ ಕಾಣುತ್ತೆ, ಯಾರೂ ತಗೊಳಲ್ಲ ಅಂತಾನೆ.

ಸಹನಾ: ನೀವು ತಗೊಳ್ತೀರಾ?

ಮಾವ: ಒಂದು ಪ್ಲೇಟ್ ನೋಡೋಣ.