ಹಾಲಿನ ಹೋಲಿಕೆ ಎಲ್ಲಿಯವರೆಗೆ ನಿಜ?

ಮುಧೋಳ ತಾಲೂಕಿನ ಒಂದು ಹಳ್ಳಿಯ ಬೇವಿನ ಕಟ್ಟೆಯ ಮೇಲೆ ನಾನು ಬರೆದ ಎರಡು ಪುಟದ ಕರಪತ್ರವನ್ನು ಯಾರೋ ಗಟ್ಟಿಯಾಗಿ ಓದುತ್ತಿದ್ದರು. ಕೇಳುತ್ತಿದ್ದವರಲ್ಲಿ ಅರ್ಧ ಜನ ಕಬ್ಬು ಬೆಳೆಯುವವರು. ಉಳಿದವರು ದಿನಾ ರಬಕವಿ-ಬನಹಟ್ಟಿಗೆ ಹೋಗಿ ಪವರ್‌ಲೂಮಿನಲ್ಲಿ ದುಡಿದು ಬರುವವರು. ಕೆಲವರು ಪೇಪರ್ ಓದುತ್ತಾರೆ, ಕೆಲವರಿಗೆ ಸಹಿಯಷ್ಟೇ ಬರುತ್ತದೆ, ಒಬ್ಬಿಬ್ಬರು ಈಗಲೂ ಹೆಬ್ಬೆಟ್ಟು ಒತ್ತುವವರು. ನಾನು ಓದುಗರಿಗೆಂದು ಬರೆದದ್ದು ಅಲ್ಲಿ ಕೇಳುಗರಿಗೆ ತಲುಪುತ್ತಿತ್ತು.

ಕರಪತ್ರದ ವಿಷಯ ಕಬ್ಬಿನ ಎಫ್‌ಆರ್‌ಪಿ, ಅಂದರೆ ಕೇಂದ್ರ ಸರ್ಕಾರ ಗೊತ್ತು ಮಾಡುವ ನ್ಯಾಯಸಮ್ಮತ ಮತ್ತು ಲಾಭದಾಯಕ ಬೆಲೆ. 2025ರ ನವೆಂಬರಿನಲ್ಲಿ ಇದೇ ಬೆಲೆಯ ವಿಚಾರಕ್ಕೆ ಮುಧೋಳದಲ್ಲೂ ಗುರ್ಲಾಪುರ ಕ್ರಾಸಿನಲ್ಲೂ ರೈತರು ರಸ್ತೆಗಿಳಿದಿದ್ದರು. ಆದರೆ ಬೆಲೆ ಹೇಗೆ ಲೆಕ್ಕವಾಗುತ್ತದೆ ಎಂದು ಕೇಳಿದರೆ ಹೋರಾಟದಲ್ಲಿದ್ದವರಲ್ಲೂ ಅನೇಕರು ತಡವರಿಸುತ್ತಿದ್ದರು. ಅದನ್ನು ಎಲ್ಲರಿಗೂ ತಿಳಿಯುವಂತೆ ಬರೆಯಬೇಕೆಂಬುದು ನನ್ನ ಆಸೆ.

ಮೊದಲ ತೊಡಕು ಪದದ್ದೇ. ಪತ್ರಿಕೆಗಳಲ್ಲಿ 'ಶೇ 10.25 ಸಕ್ಕರೆ ಇಳುವರಿ' ಎಂದು ಬರೆಯುತ್ತಾರೆ. ರೈತರಿಗೆ ಇಳುವರಿ ಎಂದರೆ ಎಕರೆಗೆ ಎಷ್ಟು ಟನ್ ಬಂತು ಎಂಬುದು. ನಾನು ಅಚ್ಚ ಕನ್ನಡದಲ್ಲಿ 'ಇಳುವರಿ ಹೆಚ್ಚಿದರೆ ದರ ಹೆಚ್ಚು' ಎಂದು ಬರೆದಿದ್ದರೆ, ಹೆಚ್ಚು ಟನ್ ಬೆಳೆದವನಿಗೆ ಟನ್ನಿಗೆ ಹೆಚ್ಚು ದರ ಎಂದೇ ಕಟ್ಟೆಯ ಮೇಲಿದ್ದವರು ತಿಳಿಯುತ್ತಿದ್ದರು. ಅವರ ಬಾಯಲ್ಲಿ ಇರುವ ಪದ 'ರಿಕವರಿ'. ನುರಿಸಿದ ಕಬ್ಬಿನಿಂದ ಎಷ್ಟು ಸಕ್ಕರೆ ಬಂತು ಎಂಬುದಕ್ಕೆ ಅವರು ಅದನ್ನೇ ಬಳಸುತ್ತಾರೆ. ಹಾಗಾಗಿ ಅದನ್ನೇ ಉಳಿಸಿಕೊಂಡೆ.

ಎರಡನೆಯದು ಅಂಕಿ. 2025–26ರ ಹಂಗಾಮಿಗೆ ಗೊತ್ತಾದ ದರ, 10.25ರ ರಿಕವರಿಗೆ ಕ್ವಿಂಟಲ್‌ಗೆ 355 ರೂಪಾಯಿ. ಅದಕ್ಕಿಂತ 0.1 ಹೆಚ್ಚಾದಾಗೆಲ್ಲ 3.46 ರೂಪಾಯಿ ಕೂಡುತ್ತದೆ. ಕಣ್ಣಿಗೆ ಇದು ಸಣ್ಣ ಲೆಕ್ಕ, ಕಿವಿಗೆ ಹಾಗಲ್ಲ. 'ಹತ್ತು ಪಾಯಿಂಟ್ ಮೂರಕ್ಕಿಂತ ಹತ್ತು ಪಾಯಿಂಟ್ ಇಪ್ಪತ್ತೈದು ದೊಡ್ಡದು' ಎಂದು ಓದು ಬಲ್ಲವರೇ ಎಡವಿದ್ದನ್ನು ಕಂಡಿದ್ದೇನೆ. ಆದರೆ ಅದೇ ಲೆಕ್ಕವನ್ನು ಟನ್ನಿಗೆ ತಿರುಗಿಸಿದರೆ ಪಾಯಿಂಟುಗಳೇ ಮಾಯ. ಒಂದು ಟನ್ ಕಬ್ಬಿಗೆ ನೂರಾ ಎರಡೂವರೆ ಕಿಲೋ ಸಕ್ಕರೆ ಬಂದರೆ 3,550 ರೂಪಾಯಿ. ಮೇಲೆ ಒಂದೊಂದು ಕಿಲೋ ಸಕ್ಕರೆಗೂ 34 ರೂಪಾಯಿ 60 ಪೈಸೆ ಕೂಡಬೇಕು. ನೂರಾ ಹನ್ನೆರಡೂವರೆ ಕಿಲೋ ಬಂದರೆ ಹತ್ತು ಕಿಲೋ ಹೆಚ್ಚು, ಅಂದರೆ 346 ರೂಪಾಯಿ ಸೇರಿ 3,896. ಕಡಿಮೆಯಾದರೆ ಹಾಗೆಯೇ ಕಳೆಯಬೇಕು. ಆದರೆ ತೊಂಬತ್ತೈದು ಕಿಲೋಗಿಂತ ಕೆಳಗೆ ಎಷ್ಟೇ ಇಳಿದರೂ ದರ 3,290 ರೂಪಾಯಿ 50 ಪೈಸೆಗೆ ನಿಲ್ಲುತ್ತದೆ. ಕಾರ್ಖಾನೆಯವರೇ ಕಡಿಸಿ ಸಾಗಿಸಿದರೆ ಆ ಖರ್ಚು ಇದರೊಳಗೇ ಮುರಿದುಕೊಳ್ಳುತ್ತದೆ.

ಉಳಿದದ್ದು, ಹೀಗೇಕೆ ಎಂಬುದು. ಅದಕ್ಕೆ ರೈತರಿಗೂ ನೇಕಾರರಿಗೂ ಗೊತ್ತಿರುವ ಒಂದು ಉದಾಹರಣೆ ಬೇಕಿತ್ತು. ಹಾಲು ಸಿಕ್ಕಿತು. ಡೇರಿಗೆ ಹಾಲು ಹಾಕುವವರಿಗೆ ಫ್ಯಾಟ್ ನೋಡಿ ದರ ಕಟ್ಟುತ್ತಾರೆಂದು ಗೊತ್ತು. ಬನಹಟ್ಟಿಯಲ್ಲಿ ಪಾಕೀಟು ಒಡೆದು ಚಹಾ ಕಾಯಿಸುವವರಿಗೂ ಅದರ ಮೇಲೆ ಅಚ್ಚಾದ ಫ್ಯಾಟಿನ ಅಂಕಿ ಗೊತ್ತು. ಒಬ್ಬರು ಮಾರುವ ತುದಿಯಿಂದ, ಇನ್ನೊಬ್ಬರು ಕೊಳ್ಳುವ ತುದಿಯಿಂದ ಒಂದೇ ವಸ್ತುವನ್ನು ಬಲ್ಲರು. 'ಹಾಲಿಗೆ ಫ್ಯಾಟ್ ಹೇಗೋ ಕಬ್ಬಿಗೆ ರಿಕವರಿ ಹಾಗೆ' ಎಂದು ಬರೆದೆ. ಓದಿದಾಗ ಎಲ್ಲರೂ ತಲೆದೂಗಿದರು. ನನಗೆ ಬಹಳ ಸಂತೋಷವಾಯಿತು.

ಆಗ ಹಿಂದೆ ಕುಳಿತಿದ್ದ ಹಿರಿಯರೊಬ್ಬರು ಕೇಳಿದರು: "ತಂಗಿ, ಡೇರಿಯಾಗ ನನ್ನ ಹಾಲಿನ ಫ್ಯಾಟ್ ನನ್ನ ಮುಂದ ನೋಡತಾರ. ಫ್ಯಾಕ್ಟರ್ಯಾಗ ನನ್ನ ಕಬ್ಬಿಂದು ಯಾವಾಗ ನೋಡತಾರ?"

ನೋಡುವುದಿಲ್ಲ. ದರ ಕಟ್ಟುವುದು ಅವರ ಕಬ್ಬಿನ ರಿಕವರಿಗಲ್ಲ, ಆ ಕಾರ್ಖಾನೆ ನುರಿಸಿದ ಎಲ್ಲರ ಕಬ್ಬಿನ ಸರಾಸರಿಗೆ, ಸಾಮಾನ್ಯವಾಗಿ ಹಿಂದಿನ ಹಂಗಾಮಿನ ಸರಾಸರಿಗೆ. ಇದು ನನಗೆ ಗೊತ್ತಿತ್ತು. ಆದರೂ ನನ್ನ ಹೋಲಿಕೆ ಅದನ್ನು ಮುಚ್ಚಿಟ್ಟಿತ್ತು. ನಾನು ಬರೆದ ಯಾವ ವಾಕ್ಯವೂ ಸುಳ್ಳಾಗಿರಲಿಲ್ಲ. ಆದರೆ ಕೇಳಿದವರ ಮನಸ್ಸಿನಲ್ಲಿ ಮೂಡಿದ ಚಿತ್ರ ಸುಳ್ಳಾಗಿತ್ತು: ಒಳ್ಳೆಯ ಹಾಲು ಹಾಕಿದವನಿಗೆ ಒಳ್ಳೆಯ ದರ ಬರುವಂತೆ ಒಳ್ಳೆಯ ಕಬ್ಬು ಬೆಳೆದವನಿಗೂ ಬರುತ್ತದೆ ಎಂಬ ಚಿತ್ರ. ಹಾಗಾದರೆ ಆ ಸುಳ್ಳು ಯಾರದು?

ಶ್ರಮವಿಲ್ಲದೆ ಒಪ್ಪಿಗೆ ಪಡೆಯುವುದೇ ಪರಿಚಿತ ಉದಾಹರಣೆಯ ಬಲ, ಅಪಾಯವೂ ಅದರಲ್ಲೇ ಇದೆ. ಪುಸ್ತಕ ಹಿಡಿದವರು ಅನುಮಾನ ಬಂದರೆ ಹಿಂದಿನ ಪುಟ ತಿರುವುತ್ತಾರೆ, ಇನ್ನೊಂದು ಪುಸ್ತಕ ನೋಡುತ್ತಾರೆ. ಕಿವಿಯಿಂದ ಓದುವವರ ಹತ್ತಿರ ಇರುವುದು ನಾನು ಕೊಟ್ಟ ಉದಾಹರಣೆ ಮತ್ತು ಅವರ ಅನುಭವ. ಆ ಅನುಭವವನ್ನೇ ಸಾಕ್ಷಿಯಾಗಿ ಕರೆದು ನನ್ನ ತಪ್ಪು ಚಿತ್ರಕ್ಕೆ ಹೆಬ್ಬೆಟ್ಟು ಒತ್ತಿಸಿಕೊಂಡೆನಲ್ಲ ಎಂಬುದು ನನ್ನನ್ನು ಚುಚ್ಚಿತು. ಹಿರಿಯರ ಪ್ರಶ್ನೆಗೆ ಅಲ್ಲೇ ಉತ್ತರ ಹೇಳಿದೆ. ಆಗ ಮಗ್ಗದ ಕೆಲಸದ ಒಬ್ಬ ಹುಡುಗ ಹೇಳಿದ: "ಅಂದ್ರ ಕಾಕಾ, ಶೆಡ್ಡಿನ್ಯಾಗಿನ ಎಲ್ಲಾ ಮಗ್ಗದ ಲೆಕ್ಕಾ ಕೂಡಿಸಿ, ಸರಾಸರಿ ತಗದು ನನಗ ಪಗಾರ ಕೊಟ್ಟಂಗ. ಅದೂ ಹ್ವಾದ ವರ್ಷದ ಸರಾಸರಿ."

ನನ್ನ ಹೋಲಿಕೆ ಮುರಿದ ಜಾಗದಲ್ಲಿ ಅವನದು ಸರಿಯಾಗಿ ಕೂತಿತು. ಅಷ್ಟೇ ಅಲ್ಲ, ಮುಂದಿನ ಮಾತನ್ನೂ ತೆರೆಯಿತು. ಶೆಡ್ಡಿನ ಸರಾಸರಿ ಕುಸಿದರೆ ತಪ್ಪು ನೇಕಾರನದೇ ಆಗಬೇಕಿಲ್ಲ, ಮಗ್ಗ ಹಳೆಯದಿರಬಹುದು, ನೂಲು ಕೆಟ್ಟದ್ದಿರಬಹುದು. ರಿಕವರಿಯೂ ಹಾಗೆಯೇ. ಫ್ಯಾಟ್ ಹಾಲಿನಲ್ಲಿ ಎಷ್ಟಿದೆಯೋ ಅಷ್ಟು. ರಿಕವರಿ ಕಬ್ಬಿನಲ್ಲಿ ಇದ್ದ ಸಕ್ಕರೆಯಲ್ಲ, ಕಾರ್ಖಾನೆ ತೆಗೆದ ಸಕ್ಕರೆ. ಕಡಿದ ಕಬ್ಬು ದಿನಗಟ್ಟಲೆ ಟ್ರ್ಯಾಕ್ಟರಿನ ಸಾಲಿನಲ್ಲಿ ಒಣಗಿದರೆ ಸಕ್ಕರೆ ಇಳಿಯುತ್ತದೆ. ಗಾಣ ಸರಿಯಾಗಿ ಹಿಂಡದಿದ್ದರೆ ಸಿಪ್ಪೆಯಲ್ಲೇ ಉಳಿದುಹೋಗುತ್ತದೆ. ಸರಾಸರಿಗೆ ಇನ್ನೊಂದು ಮುಖವೂ ಇದೆ: ಸವಳು ಭೂಮಿಯ ರೈತನಿಗೂ ಒಳ್ಳೆಯ ಭೂಮಿಯವನಷ್ಟೇ ದರ ಸಿಗುತ್ತದೆ. ಇದು ನ್ಯಾಯವೋ ಅಲ್ಲವೋ ಎಂದು ಕಟ್ಟೆಯ ಮೇಲೆ ಆ ಸಂಜೆ ಚೆನ್ನಾಗಿ ವಾದ ನಡೆಯಿತು. ನನ್ನ ಕರಪತ್ರ ಅದಕ್ಕೆ ಅವಕಾಶವನ್ನೇ ಕೊಟ್ಟಿರಲಿಲ್ಲ.

ಒಂಬತ್ತನೆಯ ಶತಮಾನದ 'ಕವಿರಾಜಮಾರ್ಗ'ವೇ ಓದು ಬರಹವಿಲ್ಲದ ಕನ್ನಡಿಗರನ್ನು ಕಾವ್ಯದ ಮರ್ಮ ಬಲ್ಲವರೆಂದು ಗೌರವಿಸಿದೆ. ಇದನ್ನು ತರಗತಿಗಳಲ್ಲಿ ಹೆಮ್ಮೆಯಿಂದ ಹೇಳುವ ನಾವು ಅಂಥವರಿಗೆಂದು ಬರೆಯುವಾಗ ಮಾತ್ರ 'ಇಷ್ಟು ಸಾಕು ಅವರಿಗೆ' ಎಂದುಕೊಳ್ಳುತ್ತೇವೆ. ಓದಲು ಬಾರದಿರುವುದು ಅಕ್ಷರದ ಕೊರತೆ. ಅದನ್ನು ವಿವೇಚನೆಯ ಕೊರತೆ ಎಂದು ಎಣಿಸಿದ್ದೇ ನನ್ನ ತಪ್ಪಿನ ಬೇರು.

ಕರಪತ್ರವನ್ನು ತಿದ್ದಿದೆ. ಹಾಲನ್ನು ತೆಗೆಯಲಿಲ್ಲ, ಅದಕ್ಕಿಂತ ಒಳ್ಳೆಯ ಬಾಗಿಲು ಸಿಗಲಿಲ್ಲ. ಅದರ ಕೆಳಗೆ ಎರಡು ಸಾಲು ಸೇರಿಸಿದೆ: 'ಹಾಲಿನ ಮಾತು ಇಲ್ಲಿಗೆ ಮುಗಿಯಿತು. ಡೇರಿಯಲ್ಲಿ ನಿಮ್ಮ ಹಾಲು ನೋಡುತ್ತಾರೆ. ಇಲ್ಲಿ ಎಲ್ಲರ ಕಬ್ಬಿನ ಸರಾಸರಿ ನೋಡುತ್ತಾರೆ.' ಆಮೇಲೆ ಮಗ್ಗದ ಉದಾಹರಣೆ ಬರುತ್ತದೆ. ಈಗ ಅದನ್ನು ಓದಿಸುವಾಗ ತಲೆದೂಗುವವರನ್ನು ನಾನು ಎಣಿಸುವುದಿಲ್ಲ. ಹಿಂದಿನ ಸಾಲಿನಿಂದ ಯಾರಾದರೂ "ಹಂಗಾರ..." ಎಂದು ಪ್ರಶ್ನೆ ತೆಗೆಯುತ್ತಾರೋ ಎಂದು ಕಾಯುತ್ತೇನೆ.