ಅಕ್ಷರ ಬಾರದವರ ಪುಸ್ತಕವನ್ನು ಓದುತ್ತಿದ್ದವರು ಯಾರು?

ತಿಪಟೂರು ತಾಲ್ಲೂಕಿನ ಅರಳಗುಪ್ಪೆಯಲ್ಲಿ ಕಲ್ಲೇಶ್ವರನ ಗುಡಿಯಿದೆ. ಒಂಬತ್ತನೆಯ ಶತಮಾನದ್ದು. ಅದರ ಒಳಮಾಳಿಗೆಯ ನಡುವೆ ಶಿವ ಕುಣಿಯುತ್ತಿದ್ದಾನೆ, ಸುತ್ತ ಎಂಟು ದಿಕ್ಕಿಗೆ ಎಂಟು ಜನ ದಿಕ್ಪಾಲಕರು. ಇಂಥ ಕೆತ್ತನೆಯ ಕೆಳಗೆ ನಿಂತಾಗ ಯಾರಾದರೊಬ್ಬರು ಒಂದು ಮಾತು ಹೇಳಿಯೇ ಹೇಳುತ್ತಾರೆ: ‘ಆ ಕಾಲದ ಜನಕ್ಕೆ ಓದು ಬರಹ ಬರುತ್ತಿರಲಿಲ್ಲ, ಅದಕ್ಕೇ ಕಲ್ಲಿನಲ್ಲಿ ಬರೆದರು.’ ಯುರೋಪಿನ ಗಾಥಿಕ್ ಚರ್ಚುಗಳ ಬಣ್ಣದ ಗಾಜಿನ ಕಿಟಕಿಗಳ ಬಗ್ಗೆಯೂ ಇದೇ ಮಾತಿದೆ. ಅಲ್ಲಿ ಅದಕ್ಕೊಂದು ದೊಡ್ಡ ಹೆಸರಿನ ಆಧಾರವೂ ಉಂಟು. ಕ್ರಿ.ಶ. 600ರ ಸುಮಾರಿಗೆ ಮಾರ್ಸೇಲ್‌ನ ಬಿಷಪ್ ಸೆರೆನಸ್, ಜನ ಚಿತ್ರಗಳಿಗೆ ಅಡ್ಡಬೀಳುತ್ತಾರೆಂದು ಅವನ್ನು ಒಡೆಸಿದ. ಪೋಪ್ ಗ್ರೆಗೊರಿ ಅವನಿಗೆ ಪತ್ರ ಬರೆದು, ಓದು ಬಲ್ಲವರಿಗೆ ಬರಹ ಹೇಗೋ ಬಾರದವರಿಗೆ ಚಿತ್ರ ಹಾಗೆ, ಪೂಜಿಸುವುದನ್ನು ತಡೆ, ಒಡೆಯಬೇಡ ಎಂದು ಬುದ್ಧಿ ಹೇಳಿದ.

ಮಾತು ಸೊಗಸಾಗಿದೆ. ನಿಜವೇ? ಕಥೆ ಗೊತ್ತಿಲ್ಲದವನಿಗೆ ಚಿತ್ರವೊಂದೇ ಕಥೆ ಕಲಿಸಬಲ್ಲದೇ?

ಫ್ರಾನ್ಸಿನ ಶಾರ್ತ್ರ್ ಊರಿನ ಚರ್ಚನ್ನೇ ತೆಗೆದುಕೊಳ್ಳೋಣ. 1194ರಲ್ಲಿ ಹಳೆಯ ಕಟ್ಟಡ ಬೆಂಕಿಗೆ ಬಿದ್ದ ಮೇಲೆ ಈಗಿನದು ಎದ್ದಿತು. ಅದಕ್ಕೆ ಮುಂಚಿನ ಚರ್ಚುಗಳಲ್ಲಿ ಚಾವಣಿಯ ಭಾರ ಹೊರಲು ಗೋಡೆ ದಪ್ಪವಿರಬೇಕಿತ್ತು, ಹಾಗಾಗಿ ಕಿಟಕಿ ಚಿಕ್ಕದು, ಒಳಗೆ ಕತ್ತಲು. ಗಾಥಿಕ್ ಶಿಲ್ಪಿಗಳು ಕಲ್ಲಿನ ಪಕ್ಕೆಲುಬುಗಳಂಥ ಕಮಾನುಗಳಲ್ಲಿ ಭಾರವನ್ನು ಕಂಬಗಳ ಮೇಲೆ ಇಳಿಸಿದರು. ಹೊರಕ್ಕೆ ತಳ್ಳುವ ಒತ್ತಡವನ್ನು ತಡೆಯಲು ಆಚೆಯಿಂದ ಕಲ್ಲಿನ ಊರುಗೋಲು ಕೊಟ್ಟರು. ಗೋಡೆಗೆ ಹೊರುವ ಕೆಲಸ ತಪ್ಪಿತು, ಅದು ಗಾಜಾಯಿತು. ಕುಲುಮೆಯಲ್ಲೇ ಲೋಹದ ಪುಡಿ ಬೆರೆಸಿ ಬಣ್ಣ ಕೊಟ್ಟ ಗಾಜನ್ನು ತುಂಡರಿಸಿ, ಕಣ್ಣು ಮೂಗು ಬಟ್ಟೆಯ ಮಡಿಕೆಗಳನ್ನು ಕಪ್ಪು ಬಣ್ಣದಲ್ಲಿ ಬರೆದು ಸುಟ್ಟು, ಸೀಸದ ಪಟ್ಟಿಗಳಿಂದ ಜೋಡಿಸಿದರು. ನಮ್ಮ ತೊಗಲುಗೊಂಬೆಯನ್ನು ನೆನೆದರೆ ಸಾಕು. ಬಣ್ಣ ಹಚ್ಚಿದ ತೆಳು ಚರ್ಮದ ಹಿಂದೆ ದೀಪ ಇಟ್ಟರೆ ಏನಾಗುತ್ತದೋ ಅದೇ ಇಲ್ಲಿ ಸೂರ್ಯನಿಂದ ಆಗುತ್ತದೆ.

ಕಟ್ಟಿದವರು ನೋಡುವವರ ಕಣ್ಣನ್ನು ಮರೆತಿರಲಿಲ್ಲ. ಶಾರ್ತ್ರ್‌ನಲ್ಲಿ ಕಥೆ ಹೇಳುವ ಸಣ್ಣ ಸಣ್ಣ ಚೌಕಟ್ಟುಗಳ ಕಿಟಕಿಗಳು ಹೆಚ್ಚಾಗಿ ಕೆಳಸಾಲಿನಲ್ಲಿವೆ. ಎತ್ತರದ ಸಾಲಿನಲ್ಲಿ ಹೆಚ್ಚಾಗಿ ಒಂಟಿಯಾಗಿ ನಿಂತ ದೊಡ್ಡ ಆಳುಗಳು. ಅಂದರೆ ಕಾಣಲಿ ಎಂಬ ಲೆಕ್ಕ ಇತ್ತು. ಆದರೆ ಕಾಣುವುದು ಬೇರೆ, ತಿಳಿಯುವುದು ಬೇರೆ.

ಆ ಕೆಳಸಾಲಿನಲ್ಲಿ ಒಳ್ಳೆಯ ಸಮಾರ್ಯದವನ ಕಿಟಕಿ ಇದೆ. ಅದನ್ನು ಬುಡದಿಂದ ಮೇಲಕ್ಕೆ ಓದಬೇಕು. ತೀರ ಕೆಳಗೆ ಜೋಡು ಹೊಲಿಯುವವರು ತಮ್ಮ ಕೆಲಸದಲ್ಲಿದ್ದಾರೆ. ಅಲ್ಲೇ ಅವರು ಈ ಕಿಟಕಿಯನ್ನು ಒಪ್ಪಿಸುತ್ತಿರುವ ಚಿತ್ರವೂ ಇದೆ. ಅದರ ಮೇಲೆ ಯೇಸು ಹೇಳಿದ ಕಥೆ: ಒಬ್ಬ ಯೆರೂಸಲೇಮಿನಿಂದ ಹೊರಟ, ಕಳ್ಳರು ಹೊಡೆದು ಬಟ್ಟೆ ಬಿಚ್ಚಿಕೊಂಡರು, ದಾರಿಯಲ್ಲಿ ಬಂದ ಯಾಜಕನೂ ಲೇವಿಯನೂ ನೋಡಿಯೂ ಹೋದರು, ಬೇರೆ ಕುಲದ ಸಮಾರ್ಯದವನೊಬ್ಬ ಗಾಯ ಕಟ್ಟಿ, ತನ್ನ ಸವಾರಿಯ ಮೇಲೆ ಕೂರಿಸಿ, ಛತ್ರಕ್ಕೆ ಸೇರಿಸಿದ. ಇಲ್ಲಿಯವರೆಗೆ ಸರಿ. ಇನ್ನೂ ಮೇಲೆ ಕಣ್ಣು ಹಾಯಿಸಿದರೆ ಕಥೆ ತಟ್ಟನೆ ಬದಲಾಗುತ್ತದೆ. ದೇವರು ಆದಾಮನನ್ನು ಮಾಡುತ್ತಾನೆ, ಹವ್ವ ಬರುತ್ತಾಳೆ, ಹಣ್ಣು ತಿನ್ನುತ್ತಾರೆ, ತೋಟದಿಂದ ಹೊರಗೆ ಬೀಳುತ್ತಾರೆ, ಕಾಯಿನ ತಮ್ಮನನ್ನು ಕೊಲ್ಲುತ್ತಾನೆ. ತುದಿಯಲ್ಲಿ ಕ್ರಿಸ್ತ ಕೂತಿದ್ದಾನೆ.

ಛತ್ರಕ್ಕೂ ಆದಾಮನಿಗೂ ಏನು ಸಂಬಂಧ? ಗಾಜಿನಲ್ಲಿ ಅದಕ್ಕೆ ಉತ್ತರವಿಲ್ಲ. ಉತ್ತರ ಇರುವುದು ಅಗಸ್ಟೀನ್ ಮೊದಲಾದವರ ವ್ಯಾಖ್ಯಾನದಲ್ಲಿ. ದಾರಿಹೋಕನೆಂದರೆ ಆದಾಮ, ಅವನು ಬಿಟ್ಟುಬಂದ ಯೆರೂಸಲೇಮ್ ಸ್ವರ್ಗ, ಕಳ್ಳರು ಸೈತಾನನ ಕಡೆಯವರು, ಕೈಬಿಟ್ಟು ಹೋದ ಇಬ್ಬರು ಹಳೆಯ ಧರ್ಮ, ಸಮಾರ್ಯದವನು ಕ್ರಿಸ್ತ, ಛತ್ರವೇ ಚರ್ಚು. ಇದನ್ನು ಮೊದಲೇ ಕೇಳಿದ್ದವನಿಗೆ ಕಿಟಕಿ ಒಂದೇ ನೋಟಕ್ಕೆ ತೆರೆದುಕೊಳ್ಳುತ್ತದೆ. ಕೇಳದವನು ಏಳು ದಿನ ನೋಡಿದರೂ ಎರಡು ಬೇರೆ ಬೇರೆ ಕಥೆಗಳನ್ನಷ್ಟೇ ಕಾಣುತ್ತಾನೆ.

ಇದು ಅವನ ದಡ್ಡತನವಲ್ಲ. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಕಡೆಯ ಮನೆಯ ಅಟ್ಟವೊಂದರ ಚಿತ್ರವನ್ನು ಶಾರ್ತ್ರ್‌ನ ವಿದ್ವಾಂಸರಿಗೆ ತೋರಿಸಿದರೆ ಅವರಿಗೆ ಕಾಣುವುದು ಗುಡ್ಡೆ ಹಾಕಿದ ಕಾಯಿ. ಇಲ್ಲಿಯ ಹೆಣ್ಣುಮಗಳಿಗೆ ಅದೇ ಚಿತ್ರದಲ್ಲಿ ಕಾಯಿ ಒಳಗೊಳಗೇ ನೀರು ಬತ್ತಿ ಕೊಬ್ಬರಿಯಾಗುತ್ತಿರುವ ತಿಂಗಳುಗಳು ಕಾಣುತ್ತವೆ. ಅಲ್ಲಾಡಿಸಿದರೆ ಚಿಪ್ಪಿನಿಂದ ಬಿಟ್ಟ ಕೊಬ್ಬರಿ ಗುಡುಗುಡು ಎನ್ನುವುದು ಕಿವಿಗೆ ಬರುತ್ತದೆ, ಜೊತೆಗೆ ಮಗಳ ಮದುವೆಯ ಖರ್ಚೂ ನೆನಪಾಗುತ್ತದೆ. ಅಕ್ಷರಕ್ಕೂ ಇದಕ್ಕೂ ಸಂಬಂಧವಿಲ್ಲ. ಆ ಕಿಟಕಿಯಲ್ಲಿ ಯಾರ ಸಹಾಯವೂ ಇಲ್ಲದೆ ಬಡವನೊಬ್ಬ ಓದಬಹುದಾಗಿದ್ದ ಭಾಗವೆಂದರೆ ಬುಡದ ಜೋಡಿನ ಕೆಲಸ. ಅದನ್ನು ಅವನಿಗೆ ಕಿಟಕಿ ಕಲಿಸಬೇಕಾಗಿರಲಿಲ್ಲ.

ಓದುವ ದಿಕ್ಕಾದರೂ ಒಂದೇ ಇತ್ತೇ ಎಂದರೆ ಅದೂ ಇಲ್ಲ. ಇದೇ ಕಥೆಯ ಕಿಟಕಿ ಬೂರ್ಜ್ ಊರಿನ ಚರ್ಚಿನಲ್ಲಿದೆ. ಅದನ್ನು ಮೇಲಿನಿಂದ ಕೆಳಕ್ಕೆ ಓದಬೇಕು. ನಮ್ಮಲ್ಲೂ ಹೀಗೇ. ತಿಪಟೂರಿನಿಂದ ಅರಸೀಕೆರೆ, ಬೀರೂರು ದಾಟಿ ತರೀಕೆರೆಯ ಹತ್ತಿರ ಹೋದರೆ ಅಮೃತಾಪುರ. ಅಲ್ಲಿಯ ಅಮೃತೇಶ್ವರ ಗುಡಿ 1196ರದು, ಶಾರ್ತ್ರ್ ಸುಟ್ಟ ಎರಡು ವರ್ಷಕ್ಕೆ. ಅದರ ಮಂಟಪದ ಹೊರಗೋಡೆಯ ಮೇಲೆ ದಕ್ಷಿಣಕ್ಕೆ ರಾಮಾಯಣ, ಉತ್ತರಕ್ಕೆ ಭಾಗವತ ಮತ್ತು ಭಾರತ. ರಾಮಾಯಣ ಸಾಗುವುದು ಪ್ರದಕ್ಷಿಣೆಗೆ ಎದುರು ದಿಕ್ಕಿನಲ್ಲಿ. ಕ್ರಮವಾಗಿ ಸುತ್ತು ಬರುವ ಭಕ್ತನಿಗೆ ಕಥೆ ಹಿಂದುಮುಂದಾಗಿ ಸಿಗುತ್ತದೆ. ಅದರಿಂದೇನೂ ತೊಂದರೆಯಾಗಿರಲಾರದು, ಏಕೆಂದರೆ ಅವನು ಕಥೆ ಕಲಿಯಲು ಬಂದವನಲ್ಲ. ನಮ್ಮ ಈ ಸೀಮೆಯಲ್ಲಿ ಮೂಡಲಪಾಯದ ಆಟ ರಾತ್ರಿಯಿಡೀ ಕೂತು ನೋಡಿದವರು, ಭಾಗವತರ ಪದ ಕೇಳಿದವರು, ಸಾಲಿನಲ್ಲಿ ಎಲ್ಲಿ ಕಣ್ಣಿಟ್ಟರೂ ಅಲ್ಲಿಂದ ಹಿಂದಕ್ಕೂ ಮುಂದಕ್ಕೂ ಹೋಗಬಲ್ಲರು. ಚಿತ್ರ ಅವರಿಗೆ ಪಾಠವಲ್ಲ, ನೆನಪು.

ಪ್ರಶ್ನೆ ಗಂಭೀರವಾಗುವುದು ಇಲ್ಲೇ. ಅಕ್ಷರ ಬಾರದವರ ಪುಸ್ತಕ ಎಂದಾಗ, ಆ ಪುಸ್ತಕ ಅವರ ಕೈಯಲ್ಲಿದೆ ಎನ್ನಿಸುತ್ತದೆ. ಆದರೆ ಅದನ್ನು ಬಿಡಿಸಿ ಹೇಳುವ ಬಾಯಿ ಬೇರೆಯವರದು. ಸಮಾರ್ಯದವನ ಕಥೆ ಹೊಡೆಸಿಕೊಂಡು ಬಿದ್ದವನನ್ನು ಎತ್ತು ಎನ್ನುತ್ತದೆ, ಅದೂ ದೇವರ ಹೆಸರು ಹೇಳುವ ಇಬ್ಬರು ಎತ್ತದೆ ಹೋದರು ಎಂದು ಚುಚ್ಚಿ ಹೇಳುತ್ತದೆ. ವ್ಯಾಖ್ಯಾನ ಸೇರಿದ ಮೇಲೆ ಅದು ಚರ್ಚೆಂಬ ಛತ್ರಕ್ಕೆ ಸೇರಿಕೋ ಎನ್ನುತ್ತದೆ. ಎರಡೂ ಗಾಜಿನಲ್ಲಿವೆ. ಯಾವುದನ್ನು ಒತ್ತಿ ಹೇಳಬೇಕೆಂದು ಜೋಡು ಹೊಲಿಯುವವನು ನಿರ್ಧರಿಸುತ್ತಿರಲಿಲ್ಲ. ಹದಿಮೂರನೆಯ ಶತಮಾನದಲ್ಲಿ ಅಲ್ಲಿ ಜನ ನಿಲ್ಲುವ ಜಾಗಕ್ಕೂ ಪಾದ್ರಿಗಳು ಹಾಡುವ ಜಾಗಕ್ಕೂ ನಡುವೆ ಕಲ್ಲಿನ ಅಡ್ಡಗೋಡೆಯೇ ಎದ್ದಿತು. 1763ರವರೆಗೂ ಅದು ಇತ್ತು. ನಮ್ಮಲ್ಲಿ ಗುಡಿಯ ಒಳಗೆ ಕಾಲಿಡಲು ಬಿಡದಿದ್ದ ಜನರ ಪಾಲಿಗೆ ಒಳಮಾಳಿಗೆಯ ಶಿವ ಯಾವ ಪುಸ್ತಕವೂ ಆಗಿರಲಿಲ್ಲ.

ಆದರೂ ನನಗೆ ಸೆರೆನಸ್‌ಗಿಂತ ಗ್ರೆಗೊರಿಯೇ ಮೇಲು. ಮಾತು ಆಡಿದ ಮೇಲೆ ಹೋಗುತ್ತದೆ, ಚಿತ್ರ ನಿಲ್ಲುತ್ತದೆ. ಪಾದ್ರಿ ಛತ್ರದ ಅರ್ಥ ಎಷ್ಟೇ ಹೇಳಲಿ, ಯಾಜಕ ಮುಖ ತಿರುಗಿಸಿಕೊಂಡು ಹೋಗುವ ಚೌಕಟ್ಟು ಅವನ ತಲೆಯ ಹಿಂದೆಯೇ ಹೊಳೆಯುತ್ತಿರುತ್ತದೆ. ಕಥೆ ಒಮ್ಮೆ ಕೇಳಿದವನು ಅದನ್ನು ತನ್ನಷ್ಟಕ್ಕೆ ಮತ್ತೆ ನೋಡಬಹುದು, ಪಾದ್ರಿಯನ್ನೂ ಆ ಚೌಕಟ್ಟನ್ನೂ ಒಟ್ಟಿಗೆ ನೋಡಬಹುದು.

ಈಗ ಹೆಚ್ಚಿನವರಿಗೆ ಅಕ್ಷರ ಬರುತ್ತದೆ. ಅಮೃತಾಪುರದಲ್ಲಿ ಪುರಾತತ್ವ ಇಲಾಖೆಯ ಫಲಕ ಓದಿ, ರಾಮಾಯಣದ ಸಾಲಿನ ಮುಂದೆ ಫೋಟೊ ತೆಗೆಸಿಕೊಂಡು ಹೊರಡುತ್ತೇವೆ. ಮೈಸೂರಿನ ಸಂತ ಫಿಲೋಮಿನಾ ಚರ್ಚು, 1933ರಲ್ಲಿ ಅಡಿಗಲ್ಲು ಬಿದ್ದದ್ದು, ಇದೇ ಗಾಥಿಕ್ ಶೈಲಿಯದು. ಅಲ್ಲಿ ಬಣ್ಣದ ಗಾಜಿನಲ್ಲಿ ಯೇಸುವಿನ ಕಡೆಯ ಊಟವಿದೆ. ಪ್ರವಾಸಕ್ಕೆ ಬಂದ ಕಾಲೇಜಿನ ಹುಡುಗರು ತಲೆಯೆತ್ತಿ ನೋಡುತ್ತಾರೆ. ಕಥೆ ಕೇಳಿರದ ಹುಡುಗನಿಗೆ ಕಾಣುವುದು ಊಟಕ್ಕೆ ಕೂತ ಒಂದಷ್ಟು ಗಂಡಸರು, ಮತ್ತೆ ತುಂಬ ಚೆಂದದ ನೀಲಿ.