ನಿಜ ಹೇಳಿಯೂ ಬಚ್ಚಿಡುವುದು

ವ್ಯಾಪಾರಿಯೊಬ್ಬ ಒಂದು ಸುಳ್ಳನ್ನೂ ಹೇಳದೆ ಗಿರಾಕಿಗೆ ಮೋಸ ಮಾಡಬಹುದೇ? ರೋಮಿನ ಸಿಸೆರೊ ಈ ಪ್ರಶ್ನೆಗೆ ಒಂದು ಮನೆಯ ಉದಾಹರಣೆ ಕೊಟ್ಟ. ಆ ಮನೆಯ ಮಲಗುವ ಕೋಣೆಗಳಲ್ಲೆಲ್ಲ ಹಾವು ಕಾಣಿಸಿಕೊಳ್ಳುತ್ತವೆ; ಅದು ಗೊತ್ತಿರುವುದು ಮಾಲೀಕನಿಗೆ ಮಾತ್ರ; ಅವನು ಬಾಯಿ ಬಿಡದೆ ಮಾರಿಬಿಡುತ್ತಾನೆ. ಸಿಸೆರೊನ ತೀರ್ಪು ಮಾಲೀಕನ ವಿರುದ್ಧವೇ ಇತ್ತು. ಆದರೆ ಮಾಲೀಕ ಸುಮ್ಮನಿರದೆ, ಎಷ್ಟು ಹಾವಿವೆ ಎಂದು ದಶಾಂಶದ ಲೆಕ್ಕದಲ್ಲಿ ಬರೆದು ಗೋಡೆಗೆ ಅಂಟಿಸಿದ್ದರೆ ಏನು ಹೇಳುತ್ತಿದ್ದನೋ! ಮೊಬೈಲ್ ಆಟಗಳ ಅಂಗಡಿಯಲ್ಲಿ ಈಗ ನಡೆಯುತ್ತಿರುವುದು ಇದು.

ಗೆನ್‌ಶಿನ್ ಇಂಪ್ಯಾಕ್ಟ್ ಎಂಬ ಆಟವನ್ನೇ ತೆಗೆದುಕೊಳ್ಳೋಣ. ಚೀನಾದ ಕಂಪನಿಯೊಂದು 2020ರಲ್ಲಿ ಬಿಡುಗಡೆ ಮಾಡಿದ ಈ ಆಟವನ್ನು ಆಡಲು ದುಡ್ಡು ಕೊಡಬೇಕಿಲ್ಲ. ಆದರೆ ಅದರ ಬಯಸುವಂಥ ಪಾತ್ರಗಳನ್ನು ನೇರವಾಗಿ ಕೊಳ್ಳಲಾಗುವುದಿಲ್ಲ, ಚೀಟಿ ಎತ್ತಬೇಕು. ಆಟದೊಳಗೆ ಅದಕ್ಕೆ 'ವಿಶ್' ಎನ್ನುತ್ತಾರೆ. ಐದು ನಕ್ಷತ್ರದ ಪಾತ್ರ ಬರುವ ಸಂಭವ ಒಂದು ಚೀಟಿಗೆ ಶೇ. 0.6 ಎಂದು ಆಟದ ವಿವರಗಳ ಪುಟದಲ್ಲಿ ಬರೆದಿದೆ. ಅದರ ಜತೆಗೊಂದು ಭರವಸೆಯೂ ಇದೆ: ಸತತ 89 ಚೀಟಿ ಖಾಲಿ ಹೋದರೂ 90ನೆಯದರಲ್ಲಿ ಐದು ನಕ್ಷತ್ರ ಖಂಡಿತ. ಈ ಭರವಸೆಯನ್ನೂ ಸೇರಿಸಿದ ಸರಾಸರಿ ಶೇ. 1.6 ಎಂದೂ ಬರೆದಿದೆ. ಇದರಲ್ಲಿ ಸುಳ್ಳಿಲ್ಲ. ಇಂಥ ಆಟಗಳ ಮಾತು ಬಂದಾಗ ಶಕುನಿಯನ್ನು ನೆನೆಯುವುದು ನಮ್ಮಲ್ಲಿ ರೂಢಿ. ಆ ಹೋಲಿಕೆ ಇಲ್ಲಿ ಕೂಡುವುದಿಲ್ಲ, ಏಕೆಂದರೆ ಈ ದಾಳ ಹೇಳಿದಂತೆಯೇ ಬೀಳುತ್ತದೆ.

ಹಾಗಾದರೆ ಬಚ್ಚಿಟ್ಟದ್ದು ಏನು? ಗಿರಾಕಿ ಕೇಳಬೇಕಾದ ಒಂದೇ ಪ್ರಶ್ನೆ: ಈ ಪಾತ್ರ ನನಗೆ ಎಷ್ಟಕ್ಕೆ ಬೀಳುತ್ತದೆ? ಅದಕ್ಕೆ ಉತ್ತರ ಯಾವ ಒಂದು ಪುಟದಲ್ಲೂ ಸಿಗುವುದಿಲ್ಲ. ಲೆಕ್ಕ ಹಾಕಿ ನೋಡೋಣ. ಐದು ನಕ್ಷತ್ರ ಬಂದರೂ ಅದು ನಮಗೆ ಬೇಕಾದ ಪಾತ್ರವೇ ಆಗಿರುವ ಸಂಭವ ಮೂಲ ನಿಯಮದ ಪ್ರಕಾರ ಅರ್ಧಕ್ಕರ್ಧ. 2024ರಲ್ಲಿ ಈ ಅರ್ಧವನ್ನು ತುಸು ಹೆಚ್ಚಿಸಿದರು, ಆದರೆ ಕೆಟ್ಟ ಅದೃಷ್ಟದವನ ಲೆಕ್ಕ ಹಾಗೇ ಉಳಿಯಿತು. ಮೊದಲ ಸಲ ಬೇರೆ ಪಾತ್ರ ಬಂದರೆ ಮುಂದಿನ ಐದು ನಕ್ಷತ್ರ ಬೇಕಾದದ್ದೇ ಆಗಿರುತ್ತದೆ. ಅಂದರೆ ಹೆಚ್ಚೆಂದರೆ 180 ಚೀಟಿ, ಮೂಲ ನಿಯಮದ ಸರಾಸರಿಯಲ್ಲಿ ಸುಮಾರು 94. ಒಂದು ಚೀಟಿಗೆ 160 ಹರಳು. ಹಾಗಾಗಿ ಸರಾಸರಿ 15,000 ಹರಳು, ಕೆಟ್ಟ ಅದೃಷ್ಟಕ್ಕೆ 28,800. ಅಂಗಡಿಯ ಅತಿ ದೊಡ್ಡ ಪೊಟ್ಟಣದಲ್ಲಿ ಸಿಗುವುದು 6,480 ಹರಳು, ಮೇಲೆ ಕೊಸರು 1,600. ಅಮೆರಿಕದ ಬೆಲೆ 99.99 ಡಾಲರ್. ಮೊದಲ ಖರೀದಿಗೆ ಕೊಡುವ ದುಪ್ಪಟ್ಟನ್ನು ಬಿಟ್ಟು ನೋಡಿದರೆ, ಸರಾಸರಿ ಅದೃಷ್ಟದವನಿಗೆ ಎರಡು ಪೊಟ್ಟಣ ಬೇಕು, ಕೆಟ್ಟ ಅದೃಷ್ಟದವನಿಗೆ ನಾಲ್ಕು. ಒಂದು ಬೊಂಬೆಗೆ ಸುಮಾರು 400 ಡಾಲರ್, ನಮ್ಮ ದುಡ್ಡಿನಲ್ಲಿ 30 ಸಾವಿರ ರೂಪಾಯಿಗೂ ಮೇಲೆ.

ಈ ಲೆಕ್ಕಕ್ಕೆ ಹೈಸ್ಕೂಲಿನ ಗುಣಾಕಾರ ಸಾಕು. ಆದರೆ ಅದನ್ನು ಯಾರೂ ಮಾಡದಂತೆ ನಡುವೆ ಮೆಟ್ಟಿಲುಗಳನ್ನು ಇಟ್ಟಿದ್ದಾರೆ. ದುಡ್ಡು ಕೊಟ್ಟರೆ ಒಂದು ಬಗೆಯ ಹರಳು ಬರುತ್ತದೆ, ಅದನ್ನು ಇನ್ನೊಂದು ಬಗೆಯ ಹರಳಾಗಿ ಬದಲಿಸಬೇಕು, ಅದರಿಂದ ಚೀಟಿ ಕೊಳ್ಳಬೇಕು. ಪೊಟ್ಟಣದ ಅಳತೆಗಳೂ ಹಾಗೇ. 15 ಡಾಲರಿನದರಲ್ಲಿ ಕೊಸರು ಸೇರಿ 1,090 ಹರಳು. ಆರು ಚೀಟಿಗೆ 960 ಹೋದರೆ 130 ಉಳಿಯಿತು. ಏಳನೆಯದಕ್ಕೆ 30 ಕಡಿಮೆ. ಆ 130 ವ್ಯರ್ಥವಾಗಬಾರದಲ್ಲ ಎಂದು ಕೈ ಮತ್ತೆ ಅಂಗಡಿಯತ್ತ ಹೋಗುತ್ತದೆ. ಲಾಟರಿಯನ್ನು ಎಷ್ಟೇ ಬೈದರೂ, ಅದರ ಟಿಕೆಟ್ಟಿನ ಮೇಲೆ ಬೆಲೆ ರೂಪಾಯಿಯಲ್ಲೇ ಅಚ್ಚಾಗಿರುತ್ತಿತ್ತು.

ಇದರ ಮೇಲೆ ಗಡುವು. ಒಂದು ಪಾತ್ರದ ಚೀಟಿ ಸುಮಾರು ಮೂರು ವಾರ ತೆರೆದಿರುತ್ತದೆ, ಪರದೆಯ ಮೇಲೆ ಉಳಿದ ದಿನಗಳು ಎಣಿಕೆಯಾಗುತ್ತಿರುತ್ತವೆ. ದಿನನಿತ್ಯದ ಕೆಲಸ ಮುಗಿಸಿದರೆ 60 ಹರಳು ಪುಕ್ಕಟೆ ಸಿಗುತ್ತದೆ. ಮೂರು ವಾರಕ್ಕೆ 1,260, ಅಂದರೆ ಏಳು ಚೀಟಿ ಮತ್ತು ಚಿಲ್ಲರೆ. ಬೇರೆ ದಾರಿಗಳಿಂದ ಇನ್ನಷ್ಟು ಸೇರಿದರೂ ತಾಳ್ಮೆಯಿಂದ ಆಡುವವನ ಕೂಡಿಕೆ ಈ ಗಡುವಿನೊಳಗೆ 94ರ ಹತ್ತಿರ ಬರುವುದು ಕಷ್ಟ. ಆದರೆ ಗಡುವಿನ ಭಯ ಅರ್ಧ ಪೊಳ್ಳು. ಆ ಬಗೆಯ ಚೀಟಿಯಲ್ಲಿ ಖಾಲಿ ಹೋದವುಗಳ ಎಣಿಕೆ ಮುಂದಿನ ಪಾತ್ರದ ಚೀಟಿಗೂ ದಾಟುತ್ತದೆ. 70 ಖಾಲಿ ಹೋದವನು ನಿಲ್ಲಿಸಿದರೆ ಆ 70 ಎಲ್ಲೂ ಹೋಗುವುದಿಲ್ಲ. ಹೋದ ಪಾತ್ರಗಳೂ ಸಾಮಾನ್ಯವಾಗಿ ಕೆಲವು ತಿಂಗಳ ಮೇಲೆ ಮರಳಿ ಬರುತ್ತವೆ.

ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ 2025ರ ಜನವರಿಯಲ್ಲಿ ಕೈ ಹಾಕಿದ್ದು ಈ ಜಾಗಕ್ಕೇ. ಈ ಆಟದ ಕಂಪನಿ 2 ಕೋಟಿ ಡಾಲರ್ ಕಟ್ಟಲು ಒಪ್ಪಿ ರಾಜಿಯಾಯಿತು. ಹದಿನಾರು ವರ್ಷದೊಳಗಿನವರಿಗೆ ಪೋಷಕರ ಒಪ್ಪಿಗೆ ಇಲ್ಲದೆ ಚೀಟಿ ಮಾರಬಾರದು, ಹರಳಿನ ವಿನಿಮಯ ದರ ತಿಳಿಸಬೇಕು, ಹರಳಿಲ್ಲದೆ ನೇರ ದುಡ್ಡಿನಿಂದ ಕೊಳ್ಳುವ ದಾರಿ ಇರಬೇಕು ಎಂಬುವು ಷರತ್ತುಗಳು. ಈ ಕೊನೆಯದು ನನಗೆ ಮುಖ್ಯ ಎನಿಸುತ್ತದೆ. ಬೆಲೆ ಹೇಳುವುದೆಂದರೆ ಗಿರಾಕಿ ತನ್ನ ಸಂಬಳವನ್ನು ಎಣಿಸುವ ನಾಣ್ಯದಲ್ಲಿ ಹೇಳುವುದು ಎಂದು ಅದರ ಅರ್ಥ.

ಇದಕ್ಕೊಂದು ಗಟ್ಟಿಯಾದ ಆಕ್ಷೇಪ ಇದೆ. ದೊಡ್ಡವರು ತಮ್ಮ ದುಡ್ಡಿನಿಂದ ಸಂತೋಷ ಕೊಳ್ಳುತ್ತಾರೆ, ಸಿನಿಮಾ ಟಿಕೆಟ್ಟಿಗೆ ಕೊಟ್ಟ ಹಾಗೆ, ನಿಮಗೇಕೆ ಉಸಾಬರಿ? ಸಿನಿಮಾದಲ್ಲಿ ಎಲ್ಲರೂ ಹೆಚ್ಚುಕಡಿಮೆ ಒಂದೇ ಟಿಕೆಟ್ ಕೊಳ್ಳುತ್ತಾರೆ. ಇಂಥ ಆಟಗಳಲ್ಲಿ ಬಹುಪಾಲು ಜನ ಏನೂ ಕೊಡುವುದಿಲ್ಲ, ಕೆಲವರು ಬಹಳ ಕೊಡುತ್ತಾರೆ. ಆ ಕೆಲವರಲ್ಲಿ ಕೈತುಂಬ ಸಂಬಳದವರೂ ಇದ್ದಾರು. ಆದರೆ ಡೇವಿಡ್ ಝೆಂಡಲ್ ಮತ್ತು ಪಾಲ್ ಕೇರ್ನ್ಸ್ 2018ರಲ್ಲಿ ಏಳು ಸಾವಿರಕ್ಕೂ ಹೆಚ್ಚು ಆಟಗಾರರನ್ನು ಕೇಳಿ ನೋಡಿದಾಗ, ಜೂಜಿನ ಗೀಳು ಹೆಚ್ಚಿದ್ದಷ್ಟೂ ಇಂಥ ಪೆಟ್ಟಿಗೆಗಳಿಗೆ ಸುರಿಯುವ ದುಡ್ಡೂ ಹೆಚ್ಚಿತ್ತು. ಯಾವುದು ಕಾರಣ, ಯಾವುದು ಪರಿಣಾಮ ಎಂದು ಅದು ಹೇಳುವುದಿಲ್ಲ. ಆದರೂ ಪುಕ್ಕಟೆ ಆಡುವವರಿಗೂ ಅಲ್ಲೊಂದು ಮುಜುಗರದ ಪ್ರಶ್ನೆ ಇದೆ. ಅಷ್ಟು ಚಂದದ ಬೆಟ್ಟ, ಕಣಿವೆ, ಸಂಗೀತವನ್ನೆಲ್ಲ ನಾವು ಯಾರ ದುಡ್ಡಿನಲ್ಲಿ ಅನುಭವಿಸುತ್ತಿದ್ದೇವೆ? ನಿಲ್ಲಿಸಲಾಗದ ಯಾರೋ ಒಬ್ಬ ನಮ್ಮ ಟಿಕೆಟ್ಟನ್ನೂ ಕೊಳ್ಳುತ್ತಿದ್ದರೆ, 'ನಾನಂತೂ ಒಂದು ಪೈಸೆ ಹಾಕಿಲ್ಲ' ಎಂಬುದು ಹೆಮ್ಮೆಯ ಮಾತಾಗಿ ಉಳಿಯುವುದಿಲ್ಲ.

ಖರ್ಚು ಮಾಡುವವರಿಗೆ ನಾನು ಹೇಳುವುದು ಇಷ್ಟೇ: ಮೊದಲ ಚೀಟಿ ಎತ್ತುವ ಮುಂಚೆ ಕೆಟ್ಟ ಅದೃಷ್ಟದ ಬೆಲೆಯನ್ನು ರೂಪಾಯಿಯಲ್ಲಿ ಒಂದು ಕಾಗದದ ಮೇಲೆ ಬರೆಯಿರಿ. 180ರಲ್ಲಿ ನಿಮ್ಮ ಪುಕ್ಕಟೆ ಚೀಟಿಗಳನ್ನು ಕಳೆದು ಉಳಿದದ್ದರ ಬೆಲೆ ಹಾಕಿ. ಆ ಮೊತ್ತವನ್ನು ಅಂಗಡಿಯಲ್ಲಿ ಬೆಲೆಚೀಟಿಯಾಗಿ ಕಂಡರೆ ಕೊಳ್ಳುತ್ತೀರಾ? ಇಲ್ಲವೆಂದಾದರೆ ಮೊದಲ ಚೀಟಿಯೂ ಬೇಡ, ಏಕೆಂದರೆ ನಡುವೆ ನಿಲ್ಲಿಸುವುದು ಶುರು ಮಾಡದಿರುವುದಕ್ಕಿಂತ ಬಹಳ ಕಷ್ಟ. ಫೋನಿನಲ್ಲೂ ಕೆಲವು ತಡೆಗಳಿವೆ. ಗೂಗಲ್ ಪ್ಲೇಯಲ್ಲಿ ತಿಂಗಳ ಬಜೆಟ್ ಇಡಬಹುದು, ಆದರೆ ಅದು ಎಚ್ಚರಿಸುತ್ತದೆಯೇ ಹೊರತು ತಡೆಯುವುದಿಲ್ಲ. ಕಾರ್ಡನ್ನೂ ಯುಪಿಐಯನ್ನೂ ಖಾತೆಯಿಂದ ತೆಗೆದು, ಗೊತ್ತುಮಾಡಿದ ಮೊತ್ತದ ಗಿಫ್ಟ್ ಕೋಡ್ ಮಾತ್ರ ಹಾಕಿಟ್ಟರೆ ಅದು ಮುಗಿದಾಗ ಖರೀದಿ ನಿಲ್ಲುತ್ತದೆ. ಮತ್ತೆ ಕೊಳ್ಳಲು ಇನ್ನೊಂದು ಕೋಡ್ ತರಬೇಕು. ಆ ಹೊತ್ತಿನಲ್ಲಿ ಕಾಗದದ ಮೇಲಿನ ಅಂಕಿಯನ್ನು ಮತ್ತೊಮ್ಮೆ ನೋಡಬಹುದು.